ಕಂಬಳಿಗಳ ನಡುವೆ ಏಳು ಸಂಜೆ: ಮನೆಯಲ್ಲಿ ಫೋನಿನಿಂದಲೇ ದನಿ ಮುದ್ರಿಸಿದ ಅನುಭವ

ಕಳೆದ ವಾರ ಕೊನೆಯ ಸಾಲನ್ನು ಮುದ್ರಿಸಿ ಮುಗಿಸಿದೆ. ಹನ್ನೊಂದು ನಿಮಿಷದ ಅನಿಮೇಷನ್ ಚಿತ್ರ, ನಾಲ್ಕು ಪಾತ್ರಗಳು, ಒಟ್ಟು 86 ಸಾಲು ಮಾತು. ಮೈಕಿನ ಜಾಗದಲ್ಲಿ ನನ್ನ ಮೊಬೈಲ್ ಇತ್ತು, ಸ್ಟುಡಿಯೊ ಜಾಗದಲ್ಲಿ ನಮ್ಮ ಮಲಗುವ ಕೋಣೆ. ದನಿ ಕೊಟ್ಟವರು ನನ್ನ ಚಿಕ್ಕಮ್ಮ, ಪಕ್ಕದ ಮನೆಯ ನಿವೃತ್ತ ಶಿಕ್ಷಕಿ, ಅವರ ಹತ್ತು ವರ್ಷದ ಮೊಮ್ಮಗ ಮತ್ತು ನನ್ನ ಒಬ್ಬ ಗೆಳೆಯ. ನಾಲ್ವರಲ್ಲಿ ಯಾರೂ ಅದುವರೆಗೆ ಮೈಕಿನ ಮುಂದೆ ನಿಂತವರಲ್ಲ. ಎರಡು ಸಂಜೆಯಲ್ಲಿ ಮುಗಿಯಬಹುದೆಂದು ಎಣಿಸಿದ್ದೆ. ಮುದ್ರಣಕ್ಕೆ ಏಳು ಸಂಜೆ, ಸಂಕಲನಕ್ಕೆ ಮೂರು ವಾರ ಹಿಡಿಯಿತು. ಇದೇ ಕೆಲಸಕ್ಕೆ ಇಳಿಯುವವರಿಗೆ ನಾನು ಕಳೆದುಕೊಂಡ ಸಂಜೆಗಳಲ್ಲಿ ಎರಡು ಮೂರಾದರೂ ಉಳಿಯಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲ ಸಂಜೆ ನಾನೊಬ್ಬನೇ ಇದ್ದೆ. ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದೆ. ತಟ್ಟಿದ ಸದ್ದು ನಿಂತ ಮೇಲೂ ಎದುರುಬದುರು ಗೋಡೆಗಳ ನಡುವೆ ಒಂದು ಸಣ್ಣ ಝೇಂಕಾರ ಉಳಿಯಿತು. ಮಾತನಾಡುವಾಗ ನಮ್ಮ ಕಿವಿ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಫೋನು ಮಾತ್ರ ಬಿಡುವುದಿಲ್ಲ. ಹಿನ್ನೆಲೆಯ ಗುಂಯ್‌ಗುಡುವಿಕೆಯನ್ನು ಆಮೇಲೆ ತಕ್ಕಮಟ್ಟಿಗೆ ತಗ್ಗಿಸಬಹುದು; ಮಾತಿಗೆ ಅಂಟಿಕೊಂಡ ಕೋಣೆಯ ಮಾರ್ದನಿಯನ್ನು ದನಿ ಕೆಡದಂತೆ ಪೂರ್ತಿ ಬಿಡಿಸಿ ತೆಗೆಯುವುದು ಕಷ್ಟದ ಕೆಲಸ. ಆದ್ದರಿಂದ ಕಂಬಳಿಯ ಮೊದಲ ಕೆಲಸ ಈ ಮಾರ್ದನಿಯನ್ನು ಹೀರುವುದು. ಹೊರಗಿನ ಸದ್ದನ್ನು ಕಂಬಳಿ ತಡೆಯುತ್ತದೆ ಎಂದು ನಾನೂ ನಂಬಿದ್ದೆ. ತಡೆಯುವುದಿಲ್ಲ. ಬೀದಿಯ ವಾಹನದ ಸದ್ದು ಕಂಬಳಿ ಇದ್ದರೂ ಇಲ್ಲದಿದ್ದರೂ ಹೆಚ್ಚುಕಡಿಮೆ ಅಷ್ಟೇ ಬಂದಿತು. ಅದಕ್ಕೆ ಮದ್ದು ಹೊತ್ತು ನೋಡಿ ಕೂರುವುದೊಂದೇ.

ಊಟದ ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಇಟ್ಟು ಮೇಲಿನಿಂದ ಮೂರು ಕಂಬಳಿ ಹೊದಿಸಿ ಗುಡಾರ ಮಾಡಿದೆ. ಒಳಗೆ ಕುಳಿತು ಎರಡು ಪುಟ ಓದಿ ಕೇಳಿಸಿಕೊಂಡರೆ ಝೇಂಕಾರ ಮಾಯವಾಗಿತ್ತು. ಬದಲಿಗೆ ಡಬ್ಬಿಯೊಳಗಿನಿಂದ ಯಾರೋ ಮಾತನಾಡುತ್ತಿರುವಂಥ ಮಂಕು ದನಿ ಬಂದಿತ್ತು. ಇದರ ಕಾರಣ ತಿಳಿಯಲು ನನಗೆ ಒಂದು ದಿನ ಬೇಕಾಯಿತು. ತೆಳು ಬಟ್ಟೆ ದನಿಯ ಮೇಲಿನ ಕಂಪನಗಳನ್ನಷ್ಟೇ, ಎಂದರೆ ಸ, ಶ, ಚ ಅಕ್ಷರಗಳ ಚುರುಕನ್ನಷ್ಟೇ ನುಂಗುತ್ತದೆ. ಎದೆಯಿಂದ ಬರುವ ಕೆಳಗಿನ ಕಂಪನಗಳು ಅದರ ಮೂಲಕ ಹಾದು ಗೋಡೆಗೆ ಬಡಿದು ವಾಪಸು ಬರುತ್ತವೆ.

ಗೋಡೆಗೆ ಅಂಟಿಸಿದ ಕಂಬಳಿ ಯಾಕೆ ಹೆಚ್ಚು ಕೆಲಸ ಮಾಡುವುದಿಲ್ಲ ಎಂಬುದೂ ಆ ದಿನವೇ ಅರ್ಥವಾಯಿತು. ಬಟ್ಟೆ ಸದ್ದನ್ನು ಹೀರುವುದು ಅದರ ನೂಲುಗಳ ನಡುವೆ ಗಾಳಿ ಓಡಾಡಿ ಉಜ್ಜಿಕೊಂಡಾಗ. ಗೋಡೆಯ ಮೈಯಲ್ಲಿ ಗಾಳಿಗೆ ಅಲುಗಾಡಲು ಜಾಗವೇ ಇರುವುದಿಲ್ಲ. ಕಂಬಳಿಯನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ತಂದು ಎರಡು ಪದರ ಮಾಡಿ ಇಳಿಬಿಟ್ಟರೆ ಅದೇ ಕಂಬಳಿ ಇನ್ನಷ್ಟು ಕೆಳಗಿನ ದನಿಗಳವರೆಗೆ ಹೀರುತ್ತದೆ. ನೆರಿಗೆ ಬೀಳುವಂತೆ ಸಡಿಲವಾಗಿ ತೂಗುಹಾಕಿದರೆ ಇನ್ನೂ ಒಳ್ಳೆಯದು. ಬಿಗಿಯಾಗಿ ಎಳೆದು ಕಟ್ಟಬೇಡಿ.

ಎರಡನೆಯ ಸಂಜೆ ಚಿಕ್ಕಮ್ಮನನ್ನು ಗುಡಾರದೊಳಗೆ ಕೂರಿಸಿದೆ. ಅವರು ನಿರೂಪಕಿ. ಮೂರು ನಿಮಿಷಕ್ಕೆ ಬೆವರತೊಡಗಿದರು. ಕತ್ತಲಿಗೆ ಒಂದು ಸಣ್ಣ ದೀಪ ಕೊಟ್ಟಿದ್ದೆ, ಅದರ ಬಿಸಿ ಬೇರೆ. ಹೊರಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದ ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ. ಅಡುಗೆ ಮನೆಯಲ್ಲಿ ನಿಂತು ಕಥೆ ಹೇಳಿದರೆ ಎಲ್ಲರನ್ನೂ ಹಿಡಿದು ಕೂರಿಸುವ ಚಿಕ್ಕಮ್ಮ ಅಲ್ಲಿ ರೈಲು ನಿಲ್ದಾಣದ ಪ್ರಕಟಣೆಯಂತೆ ಓದಿದರು. ಹತ್ತು ಸಲ ಓದಿಸಿದೆ, ಹತ್ತೂ ಹಾಗೆಯೇ ಬಂದವು. ಕೊನೆಗೆ ಅವರು, "ಯಾರಿಗೆ ಹೇಳುತ್ತಿದ್ದೇನೆ ಎಂದೇ ಗೊತ್ತಾಗುತ್ತಿಲ್ಲ ಕಣೋ, ಕಂಬಳಿಗೆ ಕಥೆ ಹೇಳಿದ ಹಾಗಿದೆ" ಎಂದರು.

ಈ ಮಾತು ನನ್ನ ಇಡೀ ಯೋಜನೆಯನ್ನು ತಿರುಗಿಸಿತು. ಅಲ್ಲಿಯವರೆಗೆ ಸದ್ದಿನ ಸಮಸ್ಯೆ ಒಂದು, ಅಭಿನಯದ ಸಮಸ್ಯೆ ಇನ್ನೊಂದು ಎಂದುಕೊಂಡಿದ್ದೆ. ಸದ್ದಿಗಾಗಿ ನಾನು ಕಟ್ಟಿದ ಗುಡಾರವೇ ಅಭಿನಯವನ್ನು ಕೊಲ್ಲುತ್ತಿತ್ತು. ಅಭ್ಯಾಸವಿದ್ದವರು ಖಾಲಿ ಕೋಣೆಯಲ್ಲೂ ಎದುರಿಗೆ ಒಬ್ಬ ಕೇಳುಗನನ್ನು ಕಲ್ಪಿಸಿಕೊಳ್ಳುತ್ತಾರೆ. ಅಭ್ಯಾಸವಿಲ್ಲದವರಿಗೆ ನಿಜವಾದ ಮುಖವೇ ಬೇಕು. ಹಾಗಾದರೆ ಕಂಬಳಿಗಳ ವ್ಯವಸ್ಥೆಯಲ್ಲೇ ಆ ಮುಖಕ್ಕೆ ಒಂದು ಜಾಗ ಮಾಡಬೇಕಿತ್ತು.

ಮೂರನೆಯ ಸಂಜೆ ಗುಡಾರ ಬಿಚ್ಚಿದೆ. ಕೋಣೆಯ ಒಂದು ಪಕ್ಕದಲ್ಲಿ ಬಟ್ಟೆ ತುಂಬಿದ ಕಪಾಟು ಇತ್ತು, ಅದರ ಬಾಗಿಲುಗಳನ್ನು ಪೂರ್ತಿ ತೆರೆದಿಟ್ಟೆ. ತೂಗುವ ಬಟ್ಟೆಗಳಷ್ಟು ಒಳ್ಳೆಯ ಹೀರುಗೋಡೆ ಮನೆಯಲ್ಲಿ ಇನ್ನೊಂದಿಲ್ಲ. ಎದುರು ಪಕ್ಕಕ್ಕೆ ಹಾಸಿಗೆಯನ್ನು ನೆಟ್ಟಗೆ ನಿಲ್ಲಿಸಿದೆ. ಮಾತನಾಡುವವರ ಬೆನ್ನ ಹಿಂದೆ ಹಗ್ಗ ಕಟ್ಟಿ ದಪ್ಪ ಕಂಬಳಿಗಳನ್ನು ಎರಡು ಪದರವಾಗಿ ಇಳಿಬಿಟ್ಟೆ. ನೆಲಕ್ಕೆ ರಜಾಯಿ ಹಾಸಿದೆ. ಹೀಗೆ ಮೂರು ಕಡೆ ಮುಚ್ಚಿ ನಾಲ್ಕನೆಯ ಕಡೆ ತೆರೆದ ಒಂದು ಜಾಗವಾಯಿತು. ಒಬ್ಬರು ಕೈ ಚಾಚಿ ನಿಲ್ಲುವಷ್ಟು ಅಗಲ. ತೆರೆದ ಕಡೆ ಫೋನಿನ ಸ್ಟ್ಯಾಂಡ್, ಅದರಾಚೆ ಒಂದು ಕುರ್ಚಿ. ಆ ಕುರ್ಚಿಯಲ್ಲಿ ನಾನು, ನನ್ನ ಹಿಂದೆ ಇನ್ನೊಂದು ಕಂಬಳಿ. ಬಾಯಿಯಿಂದ ಹೊರಟ ದನಿ ನನ್ನನ್ನು ದಾಟಿ ಹಿಂದಿನ ಗೋಡೆಗೆ ಬಡಿದು ಮರಳದಂತೆ ಆ ಕೊನೆಯ ಕಂಬಳಿ. ಬಹಳ ಜನ ಫೋನಿನ ಹಿಂದೆ ಮಾತ್ರ ಬಟ್ಟೆ ಕಟ್ಟುತ್ತಾರೆ. ಫೋನಿನ ಮೈಕ್ ಸಾಮಾನ್ಯವಾಗಿ ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುವಂಥದ್ದು, ಆದ್ದರಿಂದ ಮಾತನಾಡುವವರ ಬೆನ್ನ ಹಿಂದಿನ ಗೋಡೆಯೂ ಅಷ್ಟೇ ಮುಖ್ಯ.

ಚಪ್ಪಾಳೆ ತಟ್ಟಿದೆ. ಸದ್ದು ಹುಟ್ಟಿದಲ್ಲೇ ಸತ್ತಿತು. ಡಬ್ಬಿಯ ಮಂಕೂ ಇರಲಿಲ್ಲ.

ಇನ್ನು ಫೋನಿನ ವಿಷಯ. ಫೋನಿನ ಜೊತೆಗೇ ಬರುವ ರೆಕಾರ್ಡರ್ ಆ್ಯಪ್‌ನಲ್ಲಿ ಮಾಡಿದ ಮೊದಲ ಪರೀಕ್ಷೆಗಳಲ್ಲಿ ಒಂದು ವಿಚಿತ್ರ ಕಂಡಿತ್ತು. ಮಾತು ನಿಂತ ಒಂದೆರಡು ಕ್ಷಣದಲ್ಲಿ ಹಿನ್ನೆಲೆಯ ಸದ್ದು ನಿಧಾನವಾಗಿ ಮೇಲೇಳುತ್ತಿತ್ತು, ಮತ್ತೆ ಮಾತು ಬಂದೊಡನೆ ಕುಸಿಯುತ್ತಿತ್ತು. ಉಸಿರಾಡುವ ಪ್ರಾಣಿಯೊಂದು ಹಿಂದೆ ಮಲಗಿದಂತೆ. ಮೆಲುದನಿಯನ್ನು ತಾನೇ ಎತ್ತಿ, ಜೋರು ದನಿಯನ್ನು ತಾನೇ ಇಳಿಸುವ ಸ್ವಯಂಚಾಲಿತ ಹೊಂದಾಣಿಕೆಯ ಫಲ ಇದು. ಫೋನ್ ಕರೆಗೆ ಅದು ಒಳ್ಳೆಯದು, ಅಭಿನಯಕ್ಕೆ ಶತ್ರು. ಪಿಸುಮಾತಿಗೂ ಕೂಗಿಗೂ ಇರುವ ಅಂತರವನ್ನು ಅದು ಸವರಿಬಿಡುತ್ತದೆ. ನಿಮ್ಮ ಫೋನಿನಲ್ಲಿ ಇದು ಇದೆಯೇ ಎಂದು ತಿಳಿಯಲು ಒಂದು ವಾಕ್ಯ ಜೋರಾಗಿ ಹೇಳಿ, ಹತ್ತು ಸೆಕೆಂಡು ಸುಮ್ಮನಿದ್ದು, ಆ ಮೌನವನ್ನು ಹೆಡ್‌ಫೋನಿನಲ್ಲಿ ಕೇಳಿ. ಮೌನ ಸಮನಾಗಿದ್ದರೆ ಸರಿ. ಏರುತ್ತಿದ್ದರೆ ಆ ಹೊಂದಾಣಿಕೆಯನ್ನು ನಿಲ್ಲಿಸಲು ಬಿಡುವ ಬೇರೊಂದು ಆ್ಯಪ್ ಹುಡುಕಿ. ನಾನು ಹಾಗೆ ಮಾಡಿ, WAV ಮಾದರಿಯಲ್ಲಿ, 48 ಕಿಲೋಹರ್ಟ್ಸ್‌ನಲ್ಲಿ, ಒಂದೇ ಚಾನೆಲ್‌ನಲ್ಲಿ ಮುದ್ರಿಸಿದೆ. ಪರದೆಯ ಅಳತೆಗೋಲಿನಲ್ಲಿ 0 ಡೆಸಿಬೆಲ್ ಎಂಬುದು ಮೇಲ್ಮಿತಿ. ಮಾತಿನ ಶಿಖರಗಳು ಮೈನಸ್ 12ರಿಂದ ಮೈನಸ್ 6ರ ನಡುವೆ ಆಡುವಂತೆ ನೋಡಿಕೊಂಡೆ. 0 ಮುಟ್ಟಿ ಒಡೆದ ದನಿಯನ್ನು ಮತ್ತೆ ಮಾಡಿಸದೆ ಗತಿಯಿಲ್ಲ.

ಫೋನಿನ ಕೆಳತುದಿಯಲ್ಲಿ, ಚಾರ್ಜಿಂಗ್ ರಂಧ್ರದ ಪಕ್ಕದಲ್ಲಿರುವ ಪುಟ್ಟ ತೂತೇ ಸಾಮಾನ್ಯವಾಗಿ ಮುಖ್ಯ ಮೈಕ್. ನನ್ನ ಸ್ಟ್ಯಾಂಡಿನ ಹಿಡಿಕೆ ಮೊದಲ ಸಂಜೆ ಅದನ್ನೇ ಅರ್ಧ ಮುಚ್ಚಿತ್ತು. ಕವರ್ ಕಳಚಿ, ಫೋನನ್ನು ತಲೆಕೆಳಗಾಗಿ ಹಿಡಿಸಿ, ಮೈಕಿನ ತುದಿ ಬಾಯಿಯ ಎತ್ತರಕ್ಕೆ ಬರುವಂತೆ ನಿಲ್ಲಿಸಿದೆ. ದೂರ ಒಂದು ಗೇಣು. ದೂರ ಇಮ್ಮಡಿಯಾದರೆ ಮಾತಿನ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಸದ್ದು ಇದ್ದಷ್ಟೇ ಇರುತ್ತದೆ. ಎರಡರ ನಡುವಿನ ಅಂತರ ಕಿರಿದಾಗುತ್ತದೆ. ಇನ್ನೂ ಹತ್ತಿರ ಬಂದರೆ ಪ, ಫ, ಬ, ಭ ಬಂದಾಗಲೆಲ್ಲ ಬಾಯಿಯ ಗಾಳಿ ಮೈಕಿಗೆ ಬಡಿದು ಧಡ್ ಎನ್ನುತ್ತದೆ. ಮಹಾಪ್ರಾಣಗಳನ್ನು ಸ್ಪಷ್ಟವಾಗಿ ಉಚ್ಚರಿಸುವ ಶಿಕ್ಷಕಿಯವರಿಗೆ ಈ ತೊಂದರೆ ಎಲ್ಲರಿಗಿಂತ ಹೆಚ್ಚಿತ್ತು. ಅವರ ಉಚ್ಚಾರವನ್ನು ಮೆದುವಾಗಿಸುವ ಬದಲು ಫೋನನ್ನು ಬಾಯಿಯ ನೇರದಿಂದ ತುಸು ಓರೆಗೆ ಸರಿಸಿದೆ. ದನಿ ಎಲ್ಲ ಕಡೆ ಹರಡುತ್ತದೆ, ಗಾಳಿ ಮಾತ್ರ ನೇರ ಹೋಗುತ್ತದೆ. ಧಡಧಡ ಅಲ್ಲಿಗೆ ನಿಂತಿತು. ಫೋನು ಓರೆಗೆ ಸರಿದದ್ದರಿಂದ ಅವರ ಕಣ್ಣೆದುರಿಗೆ ನನ್ನ ಮುಖ ಬಂತು. ಅದೂ ಲಾಭವೇ.

ಏರೋಪ್ಲೇನ್ ಮೋಡ್ ಹಾಕಿ, ಚಾರ್ಜರ್ ಕಳಚಿ. ನನ್ನ ಫೋನ್ ಚಾರ್ಜರಿಗೆ ಸಿಕ್ಕಿಸಿದ್ದಾಗ ಸಣ್ಣ ಗುಂಯ್ ಎಂಬ ಸದ್ದನ್ನೂ ಮುದ್ರಿಸಿಕೊಂಡಿತ್ತು. ಫ್ಯಾನ್, ಗೋಡೆ ಗಡಿಯಾರ, ಫ್ರಿಜ್ ಮೂರನ್ನೂ ನಿಲ್ಲಿಸಬೇಕು. ಫ್ರಿಜ್ ಆರಿಸಿ ಮರೆಯುವ ಭಯವಿದ್ದರೆ ಮನೆಯ ಬೀಗದ ಕೈಯನ್ನು ಅದರೊಳಗೇ ಇಡಿ, ಹೊರಡುವಾಗ ತಾನಾಗಿ ನೆನಪಾಗುತ್ತದೆ.

ಮುದ್ರಣಕ್ಕೆ ಮೊದಲು ಒಪ್ಪಿಗೆ ಪತ್ರದ ಕೆಲಸ. ಪರಿಚಯದವರೇ ಅಲ್ಲವೇ, ಪತ್ರ ಯಾಕೆ ಎಂದು ನನಗೂ ಮುಜುಗರವಾಗಿತ್ತು. ಆದರೂ ಒಂದು ಪುಟ ಬರೆದೆ: ದನಿಯನ್ನು ಯಾವ ಚಿತ್ರಕ್ಕೆ ಬಳಸುತ್ತೇನೆ, ಎಲ್ಲೆಲ್ಲಿ ತೋರಿಸುತ್ತೇನೆ, ಬೇರೆ ಕೆಲಸಕ್ಕೆ ಬಳಸಬೇಕಾದರೆ ಮತ್ತೆ ಕೇಳುತ್ತೇನೆ, ಹೆಸರು ಹೇಗೆ ಹಾಕಬೇಕು, ಹೊರಬರುವ ಮೊದಲು ಅವರಿಗೆ ಕೇಳಿಸುತ್ತೇನೆ. ಹುಡುಗನ ಪರವಾಗಿ ಅವನ ತಾಯಿ ಸಹಿ ಹಾಕಿದರು, ಮುದ್ರಣದ ಹೊತ್ತಿಗೆಲ್ಲ ಮನೆಯವರೊಬ್ಬರು ಜೊತೆಗಿರಬೇಕೆಂದೂ ಬರೆಸಿದರು. ಹೆಸರಿನ ಸಾಲಿಗೆ ಬಂದಾಗ ಚಿಕ್ಕಮ್ಮ ತಮ್ಮ ಪೂರ್ತಿ ಹೆಸರು ಬೇಡವೆಂದರು. ಪತ್ರವಿಲ್ಲದಿದ್ದರೆ ನಾನದನ್ನು ಕೇಳುತ್ತಲೇ ಇರಲಿಲ್ಲ, ಪರದೆಯ ಮೇಲೆ ಹಾಕಿಬಿಟ್ಟಿರುತ್ತಿದ್ದೆ.

ನಾಲ್ಕನೆಯ ಸಂಜೆ ಶಿಕ್ಷಕಿಯವರ ಸರದಿ. ನಾನವರನ್ನು ಟೀಚರ್ ಎಂದೇ ಕರೆಯುತ್ತೇನೆ. ಮಗನ ದಾರಿ ಕಾಯುವ ತಾಯಿಯ ಪಾತ್ರ ಅವರದು. ಒಂದು ಸಾಲಿನ ಕಥೆಯನ್ನಷ್ಟೇ ವಿವರವಾಗಿ ಹೇಳುತ್ತೇನೆ, ಉಳಿದ ಸಾಲುಗಳೂ ಇದರಿಂದಲೇ ಸುಧಾರಿಸಿದವು. ಸಾಲು ಇಷ್ಟೇ: "ಬಾಗಿಲು ಹಾಕಬೇಡ. ಅವನು ಇನ್ನೂ ಬಂದಿಲ್ಲ."

ಮೊದಲ ಸಲ ಪಾಠ ಓದಿದಂತೆ ಬಂತು. ಪ್ರತಿ ಪದಕ್ಕೂ ಸಮ ತೂಕ, ಪೂರ್ಣವಿರಾಮದಲ್ಲಿ ನಿಖರವಾಗಿ ದನಿ ಇಳಿಕೆ. "ಇನ್ನೂ ಸ್ವಲ್ಪ ದುಃಖ ಇರಲಿ ಟೀಚರ್" ಎಂದೆ. ದನಿಯಲ್ಲಿ ನಡುಕ ತಂದರು, ಕೊನೆಯ ಸ್ವರವನ್ನು ಎಳೆದರು. ಸುಳ್ಳೆನಿಸಿತು. "ಸಹಜವಾಗಿ ಹೇಳಿ" ಎಂದೆ. ಈಗ ಅವರು ಗಾಬರಿಯಾದರು, ಏಕೆಂದರೆ ಅವರ ಮಟ್ಟಿಗೆ ಅದುವರೆಗೆ ಹೇಳಿದ್ದೂ ಸಹಜವಾಗಿಯೇ. ಆಮೇಲೆ ನಾನು ಇನ್ನೂ ದೊಡ್ಡ ತಪ್ಪು ಮಾಡಿದೆ, ಸಾಲನ್ನು ನಾನೇ ಹೇಳಿ ತೋರಿಸಿದೆ. ಅವರು ನನ್ನ ರಾಗವನ್ನು ಚಾಚೂ ತಪ್ಪದೆ ಅನುಕರಿಸಿದರು. ಅದು ಕಿವಿಗೆ ಹೊಕ್ಕ ಮೇಲೆ ಅವರ ಸ್ವಂತ ರಾಗ ಬರುವ ದಾರಿಯೇ ಮುಚ್ಚಿಹೋಯಿತು. ಎಂಟು ಟೇಕ್ ಆಯಿತು. ಅವರ ಗಂಟಲು ಒಣಗಿತ್ತು, ನನ್ನ ಮೇಲೆ ನನಗೇ ಬೇಸರ ಬಂದಿತ್ತು.

ನೀರು ಕುಡಿದು ಕುಳಿತೆವು. ಹಾಳೆಯನ್ನು ಪಕ್ಕಕ್ಕಿಡಲು ಹೇಳಿ, ಭಾವನೆಯ ಮಾತು ಬಿಟ್ಟು ಬೇರೆ ಪ್ರಶ್ನೆ ಕೇಳಿದೆ.

"ಟೀಚರ್, ಬಾಗಿಲು ಹಾಕಲು ಹೊರಟವರು ಯಾರು?"

"ಗಂಡ ಇರಬೇಕು."

"ಎಷ್ಟು ದೂರದಲ್ಲಿದ್ದಾರೆ?"

"ನಾನು ಒಳಗೆ ಕೂತಿದ್ದೇನೆ, ಅವರು ಆಗಲೇ ಚಿಲಕಕ್ಕೆ ಕೈ ಹಾಕಿದ್ದಾರೆ."

"ಈ ಮಾತಿನಿಂದ ನಿಮಗೆ ಏನಾಗಬೇಕು?"

ಸ್ವಲ್ಪ ಯೋಚಿಸಿ ಹೇಳಿದರು: "ಕೈ ತೆಗೆಯಬೇಕು."

ನಾನು ಎದ್ದು ಅವರ ಬಲಗಡೆ ತೆರೆದಿದ್ದ ಕಪಾಟಿನ ಬಾಗಿಲಿನ ಬಳಿ ನಿಂತೆ. ಏನೂ ಹೇಳದೆ ಅದನ್ನು ಮೆಲ್ಲಗೆ ಮುಚ್ಚತೊಡಗಿದೆ. ಅವರ ಕೈ ತಾನಾಗಿ ಮೇಲೆದ್ದಿತು, "ಬಾಗಿಲು ಹಾಕಬೇಡ" ಎಂಬುದು ಅವಸರವಾಗಿ, ಹೆಚ್ಚುಕಡಿಮೆ ಗದರುವಂತೆ ಬಂತು. ನಾನು ಬಾಗಿಲು ಬಿಟ್ಟೆ. ಆಗ ಎರಡನೆಯ ವಾಕ್ಯ ಬಂದಿತು, ತೀರ ಸಣ್ಣಗೆ, ತಮಗೇ ಹೇಳಿಕೊಂಡಂತೆ. ಅದರಲ್ಲಿ ದುಃಖದ ಒಂದು ಹನಿಯನ್ನೂ ಅವರು ಬೆರೆಸಿರಲಿಲ್ಲ, ಕೇಳಿದ ನನ್ನ ಗಂಟಲು ಮಾತ್ರ ಕಟ್ಟಿತು. ಫೋನು ಓಡುತ್ತಲೇ ಇತ್ತು. ಚಿತ್ರದಲ್ಲಿ ಉಳಿದಿರುವುದು ಅದೇ ಒಂಬತ್ತನೆಯ ಟೇಕ್.

ಅಂದಿನಿಂದ ಯಾರಿಗೂ "ದುಃಖದಿಂದ", "ಖುಷಿಯಿಂದ" ಎಂಬ ಸೂಚನೆ ಕೊಡಲಿಲ್ಲ. ಯಾರಿಗೆ ಹೇಳುತ್ತಿದ್ದೀರಿ, ಅವರು ಎಷ್ಟು ದೂರದಲ್ಲಿದ್ದಾರೆ, ಅವರಿಂದ ಏನು ಆಗಬೇಕು ಎಂಬ ಮೂರು ಪ್ರಶ್ನೆ ಮಾತ್ರ. ದೂರದ ಪ್ರಶ್ನೆಯನ್ನು ಬಿಡಬೇಡಿ. ದನಿ ಎಷ್ಟು ಜೋರಿರಬೇಕೆಂದು ಹೇಳುವ ಅಗತ್ಯವೇ ಬೀಳುವುದಿಲ್ಲ, ದೂರ ಗೊತ್ತಾದರೆ ದನಿ ತಾನೇ ತನ್ನ ಮಟ್ಟ ಹುಡುಕಿಕೊಳ್ಳುತ್ತದೆ. ಒಂದು ಸಲಕ್ಕೆ ಒಂದೇ ಸೂಚನೆ ಎಂಬ ನಿಯಮವನ್ನೂ ಇಟ್ಟುಕೊಂಡೆ. ಎರಡು ಹೇಳಿದರೆ ಅಭ್ಯಾಸವಿಲ್ಲದವರು ಎರಡನ್ನೂ ಮರೆತು ಪದಗಳ ಮೇಲೆಯೇ ಗಮನ ಇಡುತ್ತಾರೆ. ಕಾರಣ ಹೇಳದೆ "ಇನ್ನೊಂದು ಸಲ" ಎನ್ನುವುದು ಅವರಿಗೆ ಬೈಗುಳದಂತೆ ಕೇಳುತ್ತದೆ. ತಪ್ಪು ನಮ್ಮದಿದ್ದರೆ, ಹೊರಗೆ ವಾಹನ ಹೋಗಿದ್ದರೆ, ಅದನ್ನೇ ಬಾಯಿಬಿಟ್ಟು ಹೇಳಬೇಕು.

ಸಾಲುಗಳು ಬರಹದ ಭಾಷೆಯಲ್ಲಿದ್ದದ್ದು ಇನ್ನೊಂದು ತೊಡಕು. ನಾನು ಬರೆದಿದ್ದ ಕೆಲವು ವಾಕ್ಯಗಳು ಕಣ್ಣಿಗೆ ಸರಿ, ನಾಲಿಗೆಗೆ ಮುಳ್ಳು. ಗೆಳೆಯ ಒಂದು ಸಾಲಿನಲ್ಲಿ ಆರು ಸಲ ಒಂದೇ ಪದಕ್ಕೆ ಎಡವಿದ. ಅದೇ ವಿಷಯವನ್ನು ಅವನ ಮಾತಿನಲ್ಲಿ ಹೇಳಲು ಬಿಟ್ಟಾಗ ಪದವೇ ಬದಲಾಯಿತು, ಸಾಲು ಅರ್ಧಕ್ಕೆ ಇಳಿಯಿತು, ಅರ್ಥ ಉಳಿಯಿತು. ಒಂದೇ ಕಡೆ ಮೂರು ಸಲ ಎಡವಿದರೆ ತಪ್ಪು ಬರಹದ್ದೆಂದು ತಿಳಿದು ಅಲ್ಲಿಯೇ ತಿದ್ದುವುದು ಲೇಸು. ತಿದ್ದಿದ್ದನ್ನು ಕೂಡಲೇ ಹಾಳೆಯಲ್ಲಿ ಗುರುತು ಮಾಡಿ. ನಾನು ಎರಡು ಕಡೆ ಮರೆತು, ಆಮೇಲೆ ಚಿತ್ರದ ತುಟಿಚಲನೆಗೆ ಹೊಂದಿಸಲು ಇಡೀ ದಿನ ಕಳೆದೆ.

ಐದನೆಯ ಸಂಜೆ ಹುಡುಗನದು. ಅವನ ಏಕಾಗ್ರತೆ ಇಪ್ಪತ್ತು ನಿಮಿಷ, ಅದಾದ ಮೇಲೆ ಎಷ್ಟು ಪುಸಲಾಯಿಸಿದರೂ ದನಿಯಲ್ಲಿ ಆಕಳಿಕೆ. ಎರಡು ಕಂತು ಮಾಡಿದೆ. ಓದಲು ಕೊಡಲಿಲ್ಲ, ಅಜ್ಜಿ ಎದುರು ಕುಳಿತು ತಮ್ಮ ಪಾತ್ರದ ಮಾತು ಹೇಳುತ್ತಿದ್ದರು, ಅವನು ಉತ್ತರ ಕೊಡುತ್ತಿದ್ದ. ಎದುರಿನವರ ಮಾತು ಇವನ ಮಾತಿನ ಮೇಲೆ ಬೀಳಬಾರದು, ಬಿದ್ದರೆ ಎರಡನ್ನೂ ಬೇರೆ ಮಾಡುವುದು ಕಷ್ಟ. ಅದಕ್ಕೆ ಅಜ್ಜಿ ಹೇಳಿ ಮುಗಿಸಿ ಬೆರಳು ಎತ್ತಿದ ಮೇಲೆಯೇ ಇವನು ಮಾತನಾಡುವ ಆಟ ಮಾಡಿದೆವು. ಉತ್ತರ ಹಿಂದೆಯೇ ನುಗ್ಗಿ ಬರಬೇಕಾದ ಕಡೆ ಆ ನಡುವಿನ ಮೌನವನ್ನು ಸಂಕಲನದಲ್ಲಿ ಕತ್ತರಿಸಿದರಾಯಿತು.

ಅವನಿಗೊಂದು ಕೂಗು ಇತ್ತು, ಬಯಲಿನಲ್ಲಿ ನಿಂತು "ಅಣ್ಣಾ!" ಎಂದು. ಒಂದು ಗೇಣಿನಲ್ಲಿ ಕೂಗಿದ, ದನಿ ಒಡೆಯಿತು. ಬಾಗಿಲ ಬಳಿ ನಿಲ್ಲಿಸಿದರೆ ಒಡೆಯಲಿಲ್ಲ, ಆದರೆ ಕೋಣೆಯ ಮಾರ್ದನಿ ಸೇರಿಕೊಂಡಿತು. ಬಯಲಿನಲ್ಲಿ ಗೋಡೆಗಳಿರುವುದಿಲ್ಲ, ಆದ್ದರಿಂದ ಕೂಗಿಗೇ ಎಲ್ಲಕ್ಕಿಂತ ಹೆಚ್ಚು ಕಂಬಳಿ ಬೇಕು ಎಂಬುದು ನನಗೆ ಆಗ ಹೊಳೆಯಿತು. ಕಂಬಳಿಗಳ ಒಳಗೇ ಒಂದು ಹೆಜ್ಜೆ ಹಿಂದೆ ಸರಿಸಿ, ಮುಖವನ್ನು ನೆಟ್ಟಗೆ ನಿಂತ ಹಾಸಿಗೆಯತ್ತ ತಿರುಗಿಸಿ, ಮುದ್ರಣದ ಮಟ್ಟ ತಗ್ಗಿಸಿ ಕೂಗಿಸಿದೆ. ಶಿಖರ ಮೈನಸ್ 5ಕ್ಕೆ ನಿಂತಿತು. ಕೂಗುಗಳನ್ನು ಸಂಜೆಯ ಕೊನೆಗೆ ಇಟ್ಟುಕೊಳ್ಳಿ. ಕೂಗಿದ ಗಂಟಲಿಗೆ ಮತ್ತೆ ಮೆಲುಮಾತು ಒಗ್ಗುವುದಿಲ್ಲ.

ಕಾಯುವುದೇ ಈ ಕೆಲಸದ ದೊಡ್ಡ ಪಾಲು. ನೀರಿನ ಪಂಪು, ನಾಯಿ, ಮೇಲಿನ ಮನೆಯಲ್ಲಿ ಕುರ್ಚಿ ಎಳೆಯುವ ಸದ್ದು. ಆರನೆಯ ಸಂಜೆ ಮಳೆ ಬಂದು ಒಂದೂವರೆ ಗಂಟೆ ಸುಮ್ಮನೆ ಕುಳಿತೆವು. ಅಷ್ಟೂ ಹೊತ್ತು ಗೆಳೆಯ ಮಾತಿನ ತಾಲೀಮು ಮಾಡುತ್ತಿದ್ದ. ಮಳೆ ನಿಂತ ಮೇಲೆ ಅವನು ಹೇಳಿದ್ದಕ್ಕಿಂತ ಮಳೆಯ ನಡುವೆ ನನ್ನೊಡನೆ ಹರಟುತ್ತ ಹೇಳಿದ್ದೇ ಚೆನ್ನಾಗಿತ್ತು. ನಾನು ಮುದ್ರಿಸಿಕೊಂಡಿರಲಿಲ್ಲ. ತಾಲೀಮನ್ನೂ ಮುದ್ರಿಸುತ್ತೇನೆಂದು ಮೊದಲೇ ತಿಳಿಸಿ, ಬಂದ ಕ್ಷಣದಿಂದ ಹೋಗುವವರೆಗೂ ಫೋನನ್ನು ಓಡಿಸಿಯೇ ಇಡಿ. ಕೆಂಪು ಗುಂಡಿ ಒತ್ತುವ ಕ್ಷಣವೇ ಇಲ್ಲವಾದರೆ ಆ ಕ್ಷಣದ ಭಯವೂ ಇರುವುದಿಲ್ಲ.

ಹಾಗೆ ಓಡಿಸಿದರೆ ಗಂಟೆಗಟ್ಟಲೆ ಉದ್ದದ ಕಡತದಲ್ಲಿ ಬೇಕಾದದ್ದನ್ನು ಹುಡುಕುವುದು ಹೇಗೆ? ಪ್ರತಿ ಸಾಲಿಗೂ ಒಂದು ಸಂಖ್ಯೆ ಕೊಟ್ಟು, ಹೇಳಿಸುವ ಮೊದಲು ನಾನೇ "ಸಾಲು 34, ಮೂರನೆಯದು" ಎಂದು ಹೇಳುತ್ತಿದ್ದೆ. ಇಷ್ಟವಾದ ಟೇಕ್ ಆದೊಡನೆ ಎರಡು ಸಲ ಚಿಟಿಕೆ ಹೊಡೆಯುತ್ತಿದ್ದೆ. ತರಂಗದ ಚಿತ್ರದಲ್ಲಿ ಆ ಜೋಡಿ ಗೆರೆಗಳು ಸೂಜಿಯಂತೆ ಎದ್ದು ಕಾಣುತ್ತವೆ. ಪ್ರತಿ ಸಂಜೆಯ ಕೊನೆಗೆ ಎಲ್ಲರೂ ಇದ್ದಲ್ಲೇ ಮೂವತ್ತು ಸೆಕೆಂಡು ಅಲುಗದೆ ಕುಳಿತು ಕೋಣೆಯ ಮೌನವನ್ನೂ ಮುದ್ರಿಸಿದೆವು. ಇದು ಕಡ್ಡಾಯ. ಮಾತುಗಳ ನಡುವೆ ಪೂರ್ಣ ನಿಶ್ಶಬ್ದವನ್ನು ತುಂಬಿದರೆ ಪ್ರತಿ ಸಲವೂ ಯಾರೋ ಬಾಗಿಲು ಹಾಕಿ ತೆಗೆದಂತೆ ಕೇಳುತ್ತದೆ. ಆ ಕೋಣೆಯದೇ ಮೌನವನ್ನು ಹಾಸಿದರೆ ಹೊಲಿಗೆ ಕಾಣುವುದಿಲ್ಲ.

ಸಂಕಲನದಲ್ಲಿ ನಾನು ಮಾಡಿದ್ದು ಕಡಿಮೆ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸಿದೆ, ಅಲ್ಲಿರುವುದು ಬಹುಪಾಲು ಕಟ್ಟಡದ ಗುಡುಗುಡು. ಸದ್ದು ತಗ್ಗಿಸುವ ಸಾಧನದಲ್ಲಿ ಮೊದಲು ಆಸೆಯಿಂದ 18 ಡೆಸಿಬೆಲ್ ಕೊಟ್ಟಾಗ ಟೀಚರ್ ನೀರಿನೊಳಗಿನಿಂದ ಮಾತನಾಡಿದಂತಾಯಿತು. 6ಕ್ಕೆ ಇಳಿಸಿದೆ. ಉಸಿರುಗಳನ್ನು ಅಳಿಸಲಿಲ್ಲ, ಜೋರಾಗಿದ್ದವನ್ನು ಅರ್ಧಕ್ಕೆ ಇಳಿಸಿದೆ ಅಷ್ಟೇ. "ಬಾಗಿಲು ಹಾಕಬೇಡ" ಎನ್ನುವ ಮೊದಲು ಟೀಚರ್ ಎಳೆದುಕೊಂಡ ಉಸಿರು ಆ ಸಾಲಿನ ಅರ್ಧ ಜೀವ.

ಮುಗಿಯಿತು ಎಂದುಕೊಂಡಾಗ ಹುಡುಗನ ಎರಡು ಸಾಲು ಬದಲಿಸಬೇಕಾಯಿತು, ದೃಶ್ಯವೇ ಬದಲಾಗಿತ್ತು. ಅವನಿಗೆ ನೆಗಡಿ. ಮೂಗು ಕಟ್ಟಿದ ದನಿ ಹಳೆಯದಕ್ಕೆ ಹೊಂದುವುದಿಲ್ಲವೆಂದು ಹತ್ತು ದಿನ ಕಾದೆ. ಅಷ್ಟರಲ್ಲಿ ಎರವಲು ತಂದ ಕಂಬಳಿಗಳನ್ನು ಹಿಂತಿರುಗಿಸಿಬಿಟ್ಟಿದ್ದೆ. ಮನೆಯಲ್ಲಿ ಉಳಿದ ಹೊದಿಕೆಗಳನ್ನು ಕಟ್ಟಿ ಅದೇ ಕೋಣೆಯಲ್ಲಿ ಹೇಳಿಸಿದರೆ, ಹೊಸ ಸಾಲು ಹಳೆಯ ಸಾಲುಗಳ ನಡುವೆ ಬೇರೆ ಹುಡುಗನದೆಂಬಂತೆ ನಿಂತಿತು. ಹೊಳಪು ಹೆಚ್ಚು, ದೂರವೂ ಬೇರೆ. ಫೋನು ಎಲ್ಲಿತ್ತು, ಅವನು ಎಲ್ಲಿ ನಿಂತಿದ್ದ ಎಂಬುದಕ್ಕೆ ನನ್ನ ಬಳಿ ಇದ್ದ ಆಧಾರ ಚಿಕ್ಕಮ್ಮ ತೆಗೆದ ಒಂದು ಫೋಟೊ ಮಾತ್ರ. ಅದನ್ನು ನೋಡಿ ಕಪಾಟು, ಹಾಸಿಗೆ, ಸ್ಟ್ಯಾಂಡ್ ಎಲ್ಲವನ್ನೂ ಮತ್ತೆ ಜೋಡಿಸಿದೆ, ಕಂಬಳಿಗಳನ್ನು ಮತ್ತೆ ಕೇಳಿ ತಂದೆ. ನೀವು ಮೊದಲ ದಿನವೇ ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಪಾದ ಮತ್ತು ಸ್ಟ್ಯಾಂಡಿನ ಜಾಗಕ್ಕೆ ನೆಲದಲ್ಲಿ ಟೇಪ್ ಅಂಟಿಸಿ, ಬಾಯಿಯಿಂದ ಮೈಕಿಗೆ ಇರುವ ದೂರಕ್ಕೆ ಒಂದು ದಾರ ಕತ್ತರಿಸಿ ಇಟ್ಟುಕೊಳ್ಳಿ. ಹೊತ್ತೂ ಅದೇ ಇರಲಿ, ಬೆಳಗಿನ ದನಿ ಸಂಜೆಯದಕ್ಕಿಂತ ಭಾರ.

ಏಳನೆಯ ಸಂಜೆ ಅವನ ಕಿವಿಗೆ ಹೆಡ್‌ಫೋನ್ ಕೊಟ್ಟು ಹಳೆಯ ಟೇಕ್ ಕೇಳಿಸಿದೆ. ಹೊಸ ಸಾಲನ್ನು ನೇರ ಹೇಳಿಸದೆ, ಅದರ ಹಿಂದಿನ ಹಳೆಯ ಸಾಲಿನಿಂದ ಶುರು ಮಾಡಿಸಿದೆ. ಅಜ್ಜಿ ಮೊದಲಿನಂತೆಯೇ ಎದುರು ಕುಳಿತು ಬೆರಳು ಎತ್ತಿದರು. ನಾಲ್ಕನೆಯ ಸಲಕ್ಕೆ ಹೊಂದಿತು. ಅದರ ಕೆಳಗೆ ಐದನೆಯ ಸಂಜೆಯ ಮೌನವನ್ನು ಹಾಸಿದೆ.

ಒಪ್ಪಿಗೆ ಪತ್ರದಲ್ಲಿ ಬರೆದಿದ್ದಂತೆ, ಮೊನ್ನೆ ನಾಲ್ವರನ್ನೂ ಕರೆದು ಪೂರ್ತಿ ಚಿತ್ರ ಕೇಳಿಸಿದೆ. ಗೆಳೆಯ ತನ್ನ ಒಂದು ಸಾಲನ್ನು ಮತ್ತೆ ಹೇಳುತ್ತೇನೆಂದ. ಬೇಡವೆಂದು ಉಳಿದ ಮೂವರೂ ಒಟ್ಟಿಗೆ ಹೇಳಿದರು. ಬಾಗಿಲಿನ ಸಾಲು ಬಂದಾಗ ಟೀಚರ್ ನನ್ನತ್ತ ತಿರುಗಿ, "ಇದನ್ನು ನಾನು ಯಾವಾಗ ಹೇಳಿದೆ?" ಎಂದು ಕೇಳಿದರು. ಕಪಾಟಿನ ಬಾಗಿಲನ್ನು ತೋರಿಸಿದೆ.